ಹನ್ನೆರಡನೇ ನಂಬರಿನ ಎರಡು ಸಾಲು

ಬಸವೇಶ್ವರನಗರದ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಆಟ ಬಲ್ಲವರಿಗಿಂತ ಆಟದ ಬಗ್ಗೆ ಮಾತಾಡಬಲ್ಲವರೇ ಹೆಚ್ಚಿದ್ದರು. ಬಲ್ಲವರು ಅಂಕಣದೊಳಗೆ ಬೆವರು ಸುರಿಸುತ್ತಿದ್ದರು. ಮಾತಿನವರು ಸುತ್ತಲಿನ ಕಲ್ಲುಬೆಂಚಿನ ಮೇಲೆ ಫ್ಲಾಸ್ಕು, ಟವೆಲು, ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡು, ತಮ್ಮ ಮಗಳ ಕೈಗೆ ಚೆಂಡು ಬಂದಾಗ ಎದ್ದು ನಿಂತು, ಬೇರೆಯವರ ಮಗಳಿಗೆ ಹೋದಾಗ ಕೂರುತ್ತಿದ್ದರು. ಅವರಿಗೆ ಪಂದ್ಯ ಎಂದರೆ ಅಷ್ಟೇ.

ನಾನು ಅದೇ ಅಂಕಣದಲ್ಲಿ ಆಡಿ ಬೆಳೆದವಳು. ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟೆ, ಅಂಕಣ ಬಿಡಲಾಗಲಿಲ್ಲ. ಬೆಳಿಗ್ಗೆ ಸೋದರಮಾವನ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು ಟೈಪ್ ಮಾಡುತ್ತಿದ್ದೆ. ಸಂಜೆ ಕ್ಲಬ್ಬಿಗೆ ಹೋಗಿ ಸ್ಕೋರ್ ಟೇಬಲ್ಲಿನಲ್ಲಿ ಕೂತು ಪಾಯಿಂಟು, ಫೌಲು ಬರೆಯುತ್ತಿದ್ದೆ. ಎರಡು ಸಾವಿರದ ದಶಕದ ಆರಂಭದ ಮಾತು. ಆಗಿನ್ನೂ ಅಂಗಡಿಗೆ ಬರುವವರು ಫ್ಲಾಪಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು.

ಹದಿನಾರರ ಒಳಗಿನ ಹುಡುಗಿಯರ ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಹುಬ್ಬಳ್ಳಿ ಕಡೆಯವರು. ಹಗಲು ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕರು, ಸಂಜೆ ನಮ್ಮ ಕೋಚ್. ಮಾತು ಕಮ್ಮಿ. ಪಂದ್ಯದ ಹೊತ್ತಿನಲ್ಲಿ ತೊಡೆಯ ಮೇಲೆ ಪರೀಕ್ಷೆಯ ಪ್ಯಾಡ್ ಇಟ್ಟುಕೊಂಡು, ಶಾಲೆಯ ಹಳೇ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ಕನ್ನಡವೂ ಇಂಗ್ಲಿಷೂ ಬಾಣದ ಗುರುತುಗಳೂ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಹುಡುಗಿಯರ ಹೆಸರು ಬರೆಯುವಷ್ಟು ಪುರುಸೊತ್ತು ಯಾರಿಗಿತ್ತು? ಜೆರ್ಸಿಯ ನಂಬರೇ ಹೆಸರು. ನಾಲ್ಕರಿಂದ ಹದಿನೈದರವರೆಗೆ ಹನ್ನೆರಡು ಹುಡುಗಿಯರು.

ಬುಲೆಟಿನ್ ಎಂಬ ವಿಚಾರ ಹುಟ್ಟಿದ್ದು ಪೋಷಕರ ಸಮಿತಿಯ ತಲೆಯಲ್ಲಿ. ಅದಕ್ಕೆ ಕಾರ್ಯದರ್ಶಿ, ನಾಲ್ಕನೇ ನಂಬರಿನ ತಂದೆ. ಯಾವುದೋ ಸರ್ಕಾರಿ ಮಂಡಳಿಯಲ್ಲಿ ಅಧಿಕಾರಿ, ಚಂದ್ರಾ ಲೇಔಟಿನಲ್ಲಿ ಗ್ರಾನೈಟ್ ಹೊದಿಸಿದ ಮನೆ. ಅವರು ಕೂತಲ್ಲೆಲ್ಲ ಸಭೆ ಕೂಡುತ್ತಿತ್ತು, ಯಾರೂ ಕರೆಯದಿದ್ದರೂ. ಮಗಳು ತಂಡದ ನಾಯಕಿ. ಆ ಹುಡುಗಿ ಆಟ ಚೆನ್ನಾಗಿಯೇ ಆಡುತ್ತಿದ್ದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಪಂದ್ಯದ ಬಗ್ಗೆ ಒಂದು ಹಾಳೆಯ ವರದಿ ಆಟಗಾರ್ತಿಯರಿಗೂ ಪೋಷಕರಿಗೂ ಸಿಗಬೇಕು, ಮಕ್ಕಳು ಏನು ಕಲಿಯುತ್ತಿದ್ದಾರೆ ಎಂದು ನಮಗೆ ತಿಳಿಯಬೇಡವೇ ಎಂದು ಅವರು ವಾದಿಸಿದರು. ಕೇಳಲು ನ್ಯಾಯವಾಗಿತ್ತು. ಕೋಚ್ ಟಿಪ್ಪಣಿ ನೋಡಿ ಅದನ್ನು ಬರೆಯುವ ಕೆಲಸ ನನ್ನ ತಲೆಗೆ ಬಂತು. ಜೆರಾಕ್ಸ್ ತಮ್ಮ ಆಫೀಸಿನಲ್ಲಿ ಆಗುತ್ತದೆ ಎಂದು ಅವರು ದೊಡ್ಡ ಮನಸ್ಸು ಮಾಡಿದರು. ಸರ್ಕಾರದ ಕಾಗದ, ಸರ್ಕಾರದ ಶಾಯಿ, ಔದಾರ್ಯ ಮಾತ್ರ ಇವರದು.

ಮೊದಲ ಸಲ ಕೋಚ್ ಕೊಟ್ಟ ಹಾಳೆ ಹರಡಿಕೊಂಡು ಕೂತಾಗ ನನಗೇ ದಿಕ್ಕು ತೋಚಲಿಲ್ಲ. ಒಂದು ಕಡೆ ‘ಟಿ.ಓ.’ ಎಂದಿತ್ತು. ಟೈಮ್ ಔಟ್ ಇರಬಹುದು, ಟರ್ನ್‌ಓವರ್ ಇರಬಹುದು, ಅಂದರೆ ಕೈಯಲ್ಲಿದ್ದ ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು. ಸ್ಕೋರ್ ಶೀಟಿನ ಕಾರ್ಬನ್ ಪ್ರತಿ ತೆಗೆದು ನೋಡಿದೆ. ಟೈಮ್ ಔಟ್ ಅದರಲ್ಲಿ ದಾಖಲಾಗುತ್ತದೆ, ಟರ್ನ್‌ಓವರ್ ಆಗುವುದಿಲ್ಲ. ಆ ಹೊತ್ತಿಗೆ ನಾವು ಟೈಮ್ ಔಟ್ ತೆಗೆದುಕೊಂಡೇ ಇರಲಿಲ್ಲ. ಸರಿ, ಚೆಂಡು ಕಳೆದದ್ದೇ. ಹೀಗೆ ಒಂದೊಂದನ್ನೂ ಶೀಟಿಗೆ ತಾಳೆ ನೋಡಬೇಕಿತ್ತು. ಶೀಟಿನಲ್ಲೂ ಸಿಗದಿದ್ದರೆ ಕೋಚ್ ಅವರನ್ನೇ ಕೇಳಬೇಕಿತ್ತು. ಊಹಿಸಿ ಬರೆಯುವಂತಿರಲಿಲ್ಲ.

ಅವರದೇ ಒಂದು ಶಬ್ದಕೋಶವೂ ಇತ್ತು. ‘ನಿದ್ದಿ’ ಎಂದರೆ ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟು ಚೆಂಡನ್ನೇ ನೋಡುತ್ತ ನಿಂತದ್ದು. ‘ಹೀರೋ’ ಎಂದರೆ ಜೊತೆಯವರು ಖಾಲಿ ನಿಂತಿದ್ದರೂ ಪಾಸ್ ಕೊಡದೆ, ಒಬ್ಬಳೇ ಚೆಂಡು ಹಿಡಿದು ನುಗ್ಗಿದ್ದು. ಅವರ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿರಲಿಲ್ಲ.

‘9 – ಕತ್ತಿ, ಎಡಗೈ ಇಲ್ಲ’ ಎಂದಿದ್ದನ್ನು (ಅವರ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆ) ನಾನು ‘ಒಂಬತ್ತನೇ ನಂಬರ್ ಎಡಗೈ ಡ್ರಿಬಲ್ ಅಭ್ಯಾಸಕ್ಕೆ ಹೆಚ್ಚು ಗಮನ ಕೊಡಬೇಕು’ ಎಂದು ತಿದ್ದಿ ಬರೆದೆ. ಕೋಚ್ ಓದಿದರು.

“ಇಷ್ಟ್ ಮೆತ್ತಗ ನಾ ಎಲ್ಲಿ ಬರ್ದೀನಿ ತಂಗಿ?”

“ಅಪ್ಪ ಅಮ್ಮ ಓದ್ತಾರಲ್ಲ ಸಾರ್.”

ಅವರು ಯೋಚಿಸಿ ಆ ಸಾಲನ್ನೇ ಹೊಡೆದುಹಾಕಿದರು. ಒಬ್ಬಳ ತಪ್ಪನ್ನು ಒಬ್ಬಳಿಗೇ ಹೇಳುತ್ತೇನೆ, ಅದು ಕಾಗದಕ್ಕೆ ಬೇಡ ಎಂದರು. ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ತಂಡದ ತಪ್ಪು ತಂಡದ ಹೆಸರಿನಲ್ಲಿ ಬರುತ್ತದೆ. ಪ್ರತಿ ಹುಡುಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರುತ್ತದೆ, ಆದರೆ ಅದು ನಿಜವಿರಬೇಕು. ಗಾಯ, ಕಾಯಿಲೆ, ಮನೆಯ ವಿಷಯ ಬರುವುದಿಲ್ಲ. ನಿಜವಾದ ಒಳ್ಳೆಯ ಮಾತು ಹುಡುಕುವುದು ಸುಲಭವಿರಲಿಲ್ಲ. ಹದಿನೈದನೇ ನಂಬರಿನವಳು ಒಂದು ಪಂದ್ಯದಲ್ಲಿ ಅಂಕಣಕ್ಕೇ ಇಳಿಯಲಿಲ್ಲ. ಕೋಚ್ ಟಿಪ್ಪಣಿಯ ಮೂಲೆಯಲ್ಲಿ ‘15 – ಬೆಂಚಿನಿಂದ ಕೂಗಿ ಸ್ಕ್ರೀನ್ ಹೇಳತಾಳ’ ಎಂದಿತ್ತು. ಎದುರಾಳಿ ಅಡ್ಡ ನಿಂತು ದಾರಿ ಕಟ್ಟುವುದನ್ನು ಅವಳು ಹೊರಗಿನಿಂದಲೇ ಗುರುತಿಸಿ ಎಚ್ಚರಿಸುತ್ತಿದ್ದಳು. ಅದನ್ನು ಬರೆದೆ. ಆ ಹುಡುಗಿ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಶಾಲೆಗೆ ಒಯ್ದಳಂತೆ.

ಪೋಷಕರು ಓದಿದ ರೀತಿಯೇ ಬೇರೆ. ಮೊದಲ ಬುಲೆಟಿನ್ ಹಂಚಿದ ಸಂಜೆ ಕಲ್ಲುಬೆಂಚಿನ ಮೇಲೆ ಮದುವೆ ಮನೆಯಲ್ಲಿ ಬಡಿಸಿದ ಪಲ್ಯ ನೋಡುವ ಹಾಗೆ ಪಕ್ಕದ ಎಲೆ ನೋಡಿಕೊಂಡು ಓದಿದರು. ತಂಡದ ರಕ್ಷಣೆ ಎಲ್ಲಿ ಸಡಿಲವಾಯಿತು ಎಂಬ ಪ್ಯಾರಾವನ್ನು ಒಬ್ಬರೂ ಓದಲಿಲ್ಲ. ವಿಜಯನಗರದಿಂದ ಬರುತ್ತಿದ್ದ ಒಬ್ಬ ತಂದೆ, ತಮ್ಮ ಮಗಳಿಗೆ ಒಂದೇ ಸಾಲು, ಆರನೇ ನಂಬರಿಗೆ ಒಂದೂವರೆ ಸಾಲು ಯಾಕೆ ಎಂದು ಕೇಳಿದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಒಬ್ಬ ತಾಯಿ ಫೋಟೋ ಹಾಕಬಾರದೇ ಎಂದರು. ಇನ್ನೊಬ್ಬರು ಇದನ್ನು ಇಂಗ್ಲಿಷಿನಲ್ಲೂ ಕೊಡಿ, ಕಾಲೇಜು ಸೀಟಿನ ಫೈಲಿಗೆ ಬೇಕಾಗುತ್ತದೆ ಎಂದರು.

ಅಲ್ಲಿ ನನಗೆ ಕಣ್ಣು ತೆರೆಯಿತು. ಇವರಿಗೆ ಬೇಕಾದದ್ದು ವರದಿಯಲ್ಲ, ಸರ್ಟಿಫಿಕೇಟು. ಕ್ರೀಡಾ ಕೋಟಾದ ಆಸೆಗೆ ಮಕ್ಕಳನ್ನು ಬಿಸಿಲಲ್ಲಿ ಓಡಿಸಿ, ಆಟದ ಗಂಧಗಾಳಿಯಿಲ್ಲದೆ ನೆರಳಲ್ಲಿ ಕೂತಿದ್ದರು. ಈ ಗುಂಪಿಗೆಲ್ಲ ಮೇಟಿಯಾಗಿದ್ದವರು ಕಾರ್ಯದರ್ಶಿ. ಪ್ರತಿ ಬುಲೆಟಿನ್ನಿಗೂ ಅವರದೊಂದು ಸಲಹೆ ಇದ್ದೇ ಇರುತ್ತಿತ್ತು. ನಾಯಕಿಯ ವಿಚಾರ ಮೊದಲು ಬರಲಿ, ಸಮಿತಿಯ ಹೆಸರು ದಪ್ಪಕ್ಷರದಲ್ಲಿ ಇರಲಿ, ಭಾಷೆ ಸ್ವಲ್ಪ ಸ್ಟ್ಯಾಂಡರ್ಡ್ ಆಗಲಿ. ನಾನು ತಲೆಯಾಡಿಸಿ, ನಂಬರಿನ ಕ್ರಮದಲ್ಲೇ ಬರೆಯುತ್ತಿದ್ದೆ. ನಾಲ್ಕು ಹೇಗೂ ಮೊದಲೇ ಬರುತ್ತಿತ್ತು. ಆಗಿನ ಮಟ್ಟಿಗೆ ಅವರಿಗೆ ಅದೇ ಸಾಕಾಗಿತ್ತು.

ಜಿಲ್ಲಾ ಟೂರ್ನಿಯ ಸೆಮಿಫೈನಲ್ ಬಂತು. ನಮ್ಮ ತಂಡದಲ್ಲಿ ರಿಂಗಿನ ಕೆಳಗೆ ನಿಂತು ಆಡುವ ಎತ್ತರದ ಹುಡುಗಿ ಹನ್ನೆರಡನೇ ನಂಬರಿನವಳು. ಕೆಂಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಾಯಿ ಆಸ್ಪತ್ರೆಯಲ್ಲಿ ನರ್ಸು, ಅವರ ಶಿಫ್ಟು ಮುಗಿದರೆ ಮಾತ್ರ ಪಂದ್ಯ ನೋಡಲು ಬರುತ್ತಿದ್ದರು. ಅವತ್ತು ಬಂದಿರಲಿಲ್ಲ. ಹುಡುಗಿಗೆ ಎರಡನೇ ಕ್ವಾರ್ಟರಿನ ಕೊನೆಗೆ ಹೊಟ್ಟೆನೋವು. ತಿಂಗಳ ನೋವು. ನನಗೆ ಹೇಳಿದಳು, ನಾನು ಕೋಚ್‌ಗೆ ಹೇಳಿದೆ. ಅವರು ಒಂದು ಮಾತೂ ಕೇಳದೆ ಮೂರನೇ ಕ್ವಾರ್ಟರ್ ಪೂರ್ತಿ ಹೊರಗೆ ಕೂರಿಸಿದರು. ಕೊನೆಯ ಕ್ವಾರ್ಟರಿಗೆ ತಾನೇ ಎದ್ದು, ಆಡ್ತೀನಿ ಸಾರ್ ಎಂದಳು. ಇಳಿದಳು. ರಿಂಗಿನ ಕೆಳಗೆ ಖಾಲಿ ನಿಂತು ಕೈಯೆತ್ತಿ ಚೆಂಡು ಕೇಳಿದಳು, ಮತ್ತೆ ಮತ್ತೆ ಕೇಳಿದಳು. ನಾಯಕಿ ಕೊಡಲಿಲ್ಲ. ತಾನೇ ನುಗ್ಗಿ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿ ಚೆಂಡು ಕಳೆದಳು. ಕಲ್ಲುಬೆಂಚಿನ ಕಡೆಯಿಂದ ಅವಳ ತಂದೆಯ ದನಿ, ನೀನೇ ಹಾಕು, ನೀನೇ ಹಾಕು ಎಂದು ಕೇಳುತ್ತಲೇ ಇತ್ತು. ಸೋತೆವು.

ಕೋಚ್ ಟಿಪ್ಪಣಿಯಲ್ಲಿ ಹೀಗಿತ್ತು: ‘12 – ಹೊಟ್ಟಿ, 3ಕ್ಕ ರೆಸ್ಟ್, ನಾ ಹೇಳಿದ್ದು. 4ರಾಗ ಬಂದಳು, ಖಾಲಿ ಇದ್ದಳು, ಪಾಸ್ ಇಲ್ಲ.’ ಅದರ ಕೆಳಗೆ, ಪೆನ್ಸಿಲ್ ಒತ್ತಿ, ‘4 – ಹೀರೋ.’

ನಾನು ಬರೆದದ್ದು ಇಷ್ಟು: ಕೊನೆಯ ಕ್ವಾರ್ಟರಿನಲ್ಲಿ ರಿಂಗಿನ ಕೆಳಗೆ ಖಾಲಿ ಇದ್ದವರಿಗೆ ನಾವು ಚೆಂಡು ತಲುಪಿಸಲಿಲ್ಲ, ಮುಂದಿನ ವಾರದ ಅಭ್ಯಾಸ ಅದರ ಮೇಲೆಯೇ. ಹನ್ನೆರಡನೇ ನಂಬರಿನ ಬಗ್ಗೆ, ರಿಂಗಿನ ಕೆಳಗೆ ಸರಿಯಾದ ಜಾಗ ಹಿಡಿದಿದ್ದಳು ಎಂದು. ನಾಲ್ಕನೆಯದರ ಬಗ್ಗೆ, ಮೊದಲ ಎರಡು ಕ್ವಾರ್ಟರುಗಳಲ್ಲಿ ಚೆಂಡನ್ನು ಬೇಗ ಮುಂದೆ ಒಯ್ದಳು ಎಂದು. ಎರಡೂ ನಿಜ. ಕೋಚ್ ಓದಿ ಒಪ್ಪಿದರು.

ಈ ಸಲ ಕಾರ್ಯದರ್ಶಿ ಅಂಗಡಿಗೇ ಬಂದರು. ಕ್ಲಬ್ಬಿನ ಅಧ್ಯಕ್ಷರ ಹೆಸರು ಸೇರಿಸಬೇಕು, ತಮ್ಮ ಆಫೀಸಿನ ಟೈಪಿಸ್ಟ್ ಸೇರಿಸುತ್ತಾರೆ, ಫ್ಲಾಪಿ ಕೊಡು ಎಂದರು. ಕೋಚ್ ಕೈಯಿಂದ ಟಿಪ್ಪಣಿಯ ಹಾಳೆಗಳನ್ನು ಆಗಲೇ ತೆಗೆದುಕೊಂಡಿದ್ದರು. ಸಮಿತಿಯ ದಾಖಲೆಗೆ ಬೇಕಂತೆ. ದಾಖಲೆ ಎಂಬ ಮಾತಿಗೆ ನಮ್ಮಲ್ಲಿ ಯಾರು ಇಲ್ಲ ಎನ್ನುತ್ತಾರೆ? ಕೋಚ್ ಕೊಟ್ಟಿದ್ದರು, ನಾನೂ ಫ್ಲಾಪಿ ಕೊಟ್ಟೆ.

ಬುಲೆಟಿನ್ ಹಂಚಿದ ಸಂಜೆ ನನಗೆ ಅಂಗಡಿಯಲ್ಲಿ ಕೆಲಸವಿತ್ತು, ಹೋಗಲಿಲ್ಲ. ಮಾರನೇ ದಿನ ಮಧ್ಯಾಹ್ನ ಹನ್ನೆರಡನೇ ನಂಬರಿನ ತಾಯಿ ಅಂಗಡಿಗೆ ಬಂದರು. ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಇದ್ದರು. ಮಡಚಿದ ಹಾಳೆಯನ್ನು ಕೌಂಟರಿನ ಮೇಲೆ ಬಿಡಿಸಿ ಇಟ್ಟರು.

“ಇದನ್ನ ಬರೆದಿದ್ದು ನೀವಾ?”

ನೋಡಿದೆ. ನಾನು ಬರೆದ ಹಾಳೆಯೇ, ಆದರೆ ಮೇಲೆ ಅಧ್ಯಕ್ಷರ ಹೆಸರಿನ ಜೊತೆ ಕಾರ್ಯದರ್ಶಿಯ ಹೆಸರೂ ದಪ್ಪಗೆ ಕೂತಿತ್ತು. ನಾಲ್ಕನೇ ನಂಬರಿನ ಮುಂದೆ, ‘ಸೋಲಿನಲ್ಲೂ ಏಕಾಂಗಿಯಾಗಿ ಹೋರಾಡಿದ ನಾಯಕಿಯನ್ನು ತರಬೇತುದಾರರೇ ಹೀರೋ ಎಂದು ಬಣ್ಣಿಸಿದ್ದಾರೆ’ ಎಂದಿತ್ತು. ಬೈದದ್ದನ್ನು ಬಿರುದು ಮಾಡಿಕೊಂಡಿದ್ದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಕೆಳಗೆ ಹನ್ನೆರಡನೇ ನಂಬರಿನ ಮುಂದೆ ಎರಡು ಸಾಲು ಸೇರಿದ್ದವು. ಹೊಟ್ಟೆನೋವಿನ ನೆಪದಲ್ಲಿ ಮಹತ್ವದ ಹಂತದಲ್ಲಿ ಆಟಗಾರ್ತಿ ಹೊರಗುಳಿದದ್ದು ಸೋಲಿಗೆ ಕಾರಣವಾಯಿತು. ಹುಡುಗಿಯರು ಇಂಥ ದಿನಗಳ ಬಗ್ಗೆ ಮುಂಚಿತವಾಗಿ ತಿಳಿಸಬೇಕು.

ಇಂಥ ದಿನಗಳ ಬಗ್ಗೆ. ಆ ಮನುಷ್ಯ ಹದಿನೈದು ವರ್ಷದ ಹುಡುಗಿಯ ಮೈಯ ವಿಷಯವನ್ನು ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಬರೆಸಿ, ಸರ್ಕಾರಿ ಯಂತ್ರದಲ್ಲಿ ಪ್ರತಿ ತೆಗೆಸಿ, ಎಲ್ಲರ ಮನೆಗೆ ಕಳಿಸಿದ್ದರು. ಯಾಕೆ? ಮಗಳ ಫೈಲಿನಲ್ಲಿ ಸೋಲಿಗೆ ಬೇರೊಬ್ಬರ ವಿಳಾಸ ಬೇಕಿತ್ತು.

ಇದು ನಾನು ಬರೆದದ್ದಲ್ಲ ಆಂಟಿ ಎಂದು ಹೇಳಿ, ಕಂಪ್ಯೂಟರಿನಲ್ಲಿದ್ದ ನನ್ನ ಪ್ರತಿಯನ್ನು ತೆಗೆದು ತೋರಿಸಿದೆ. ಅವರು ಪೂರ್ತಿ ಓದಿದರು. ದನಿ ಏರಿಸಲಿಲ್ಲ.

“ನನಗೆ ತೋರ್ಸಿ ಏನಾಗ್ಬೇಕು? ಆ ಪೇಪರ್ ಓದಿರೋರಿಗೆ ತೋರ್ಸಿ. ಅವಳ ಜೊತೆ ಓದೋ ಹುಡುಗಿ ನಿಮ್ಮ ಟೀಮಲ್ಲೇ ಇದಾಳೆ. ಕ್ಲಾಸಿಗೆಲ್ಲ ಗೊತ್ತಾಗುತ್ತೆ, ಇವತ್ತು ಸ್ಕೂಲಿಗೆ ಹೋಗಲ್ಲ ಅಂತ ನನ್ನ ಮಗಳು ಮಲಗಿದಾಳೆ.”

ಆಗ ನಾನು ನನ್ನ ಪ್ರತಿಯ ಒಂದು ಪ್ರಿಂಟನ್ನೂ ಅವರು ತಂದ ಹಾಳೆಯನ್ನೂ ತೆಗೆದುಕೊಂಡು, ಅಂಗಡಿ ಮಾವನಿಗೆ ಬಿಟ್ಟು, ಕೋಚ್ ಅವರ ಶಾಲೆಗೇ ಹೋದೆ. ಮೈದಾನದಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದರು. ಎರಡೂ ಹಾಳೆ ಓದಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು. ಮಕ್ಕಳು ಕೈ ಮೇಲೆತ್ತಿದವರು ಹಾಗೆಯೇ ಕಾಯುತ್ತಿದ್ದರು.

ತಿದ್ದುಪಡಿಯ ಬುಲೆಟಿನ್ ತರಬೇಕು, ಅದೇ ಅಳತೆಯ ಹಾಳೆಯಲ್ಲಿ, ಮೊದಲನೆಯದು ಯಾರ್ಯಾರಿಗೆ ಹೋಗಿದೆಯೋ ಅವರಿಗೆಲ್ಲ ತಲುಪಬೇಕು ಎಂದು ನಿಶ್ಚಯಿಸಿದೆವು. ಅಲ್ಲೇ ಮರದ ಕೆಳಗೆ ಕೂತು ಕರಡು ಮಾಡತೊಡಗಿದೆ. ನನಗೆ ರಕ್ತ ಕುದಿಯುತ್ತಿತ್ತು. ನಾಲ್ಕನೇ ನಂಬರ್ ಪಾಸ್ ಕೊಡದ ಕಥೆ, ಹೀರೋ ಶಬ್ದದ ನಿಜಾರ್ಥ, ಎಲ್ಲವನ್ನೂ ಬರೆದು ಆ ಗ್ರಾನೈಟ್ ಮನೆಯ ಬಾಗಿಲಿಗೆ ಅಂಟಿಸಬೇಕು ಎನ್ನಿಸುತ್ತಿತ್ತು. ಬರೆದೂ ಬಿಟ್ಟೆ. ಕೋಚ್ ಪೆನ್ಸಿಲ್ ತೆಗೆದು ಆ ಪ್ಯಾರಾದ ಮೇಲೆ ಗೆರೆ ಎಳೆದರು.

“ಆ ಹುಡುಗಿ ಏನ್ ಮಾಡ್ಯಾಳ? ಅಪ್ಪನ ಮ್ಯಾಲಿನ ಸಿಟ್ಟು ಮಗಳ ಮ್ಯಾಲ ಹಾಕಬ್ಯಾಡ. ನಾಳೆ ಅಕಿನೂ ಇಲ್ಲೇ ಆಡಬೇಕಲ್ಲ.”

ನನಗೆ ಹಿಡಿಸಲಿಲ್ಲ. ಆದರೆ ಗೆರೆ ಎಳೆದದ್ದು ಅವರು, ಟಿಪ್ಪಣಿ ಅವರದು. ಇನ್ನೊಂದು ತೊಡಕಿತ್ತು. ತಿದ್ದುಪಡಿ ಎಂದು ಹೊಟ್ಟೆನೋವಿನ ಮಾತನ್ನು ಮತ್ತೆ ಬರೆದರೆ, ಓದದೇ ಇದ್ದವರೂ ಓದುತ್ತಾರೆ. ಕೊನೆಗೆ ಉಳಿದದ್ದು ಇಷ್ಟು: ಹಿಂದಿನ ಬುಲೆಟಿನ್ನಿನಲ್ಲಿ ನಾಲ್ಕು ಮತ್ತು ಹನ್ನೆರಡನೇ ನಂಬರುಗಳ ಮುಂದೆ ಬಂದ ಮಾತುಗಳು ತರಬೇತುದಾರರವಲ್ಲ, ಅವರಿಗೆ ತೋರಿಸದೆ ಸೇರಿಸಿದವು, ಅವನ್ನು ಹಿಂತೆಗೆದುಕೊಳ್ಳಲಾಗಿದೆ. ಯಾರನ್ನು ಯಾವಾಗ ಆಡಿಸಬೇಕು, ಕೂರಿಸಬೇಕು ಎಂಬುದು ತರಬೇತುದಾರರ ನಿರ್ಧಾರ, ಅದರ ಹೊಣೆಯೂ ಅವರದೇ. ಕೆಳಗೆ ನಾನು ಮೊದಲು ಬರೆದ ವರದಿ ಇದ್ದಂತೆಯೇ. ಕೋಚ್ ಮೂಲ ಪ್ರತಿಯ ಮೇಲೆ ಸಹಿ ಹಾಕಿದರು. ಜೆರಾಕ್ಸ್ ನಮ್ಮ ಅಂಗಡಿಯ ಪಕ್ಕದಲ್ಲೇ ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಅಭ್ಯಾಸ ಮುಗಿಯುವ ಹೊತ್ತಿಗೆ ಪೋಷಕರೆಲ್ಲ ಇದ್ದರು. ಹನ್ನೆರಡನೇ ನಂಬರಿನವಳು ಬಂದಿರಲಿಲ್ಲ, ತಾಯಿ ಬಂದು ಗೇಟಿನ ಬಳಿ ನಿಂತಿದ್ದರು. ಕೋಚ್ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಕಾರ್ಯದರ್ಶಿ ಎದ್ದು ನಿಂತು, ಟೈಪಿಸ್ಟಿನ ಅಚಾತುರ್ಯ ಎಂದರು. ಟೈಪಿಸ್ಟಿಗೆ ಸೆಮಿಫೈನಲ್ಲಿನ ಬಗ್ಗೆ ಅಷ್ಟೊಂದು ಅಭಿಪ್ರಾಯವಿದ್ದದ್ದು ನನಗೆ ಗೊತ್ತಿರಲಿಲ್ಲ. ಸಮಿತಿಯವರು ನೆಲ ನೋಡಿದರು. ವಿಜಯನಗರದ ತಂದೆ, ಆದದ್ದು ಆಯಿತು, ಮತ್ತೆ ಪೇಪರ್ ಯಾಕೆ ಹಂಚಬೇಕು, ಸುಮ್ಮನೆ ದೊಡ್ಡದಾಗುತ್ತದೆ ಎಂದರು. ಸುತ್ತ ಕೂತಿದ್ದವರು ತಲೆದೂಗಿದರು. ಒಬ್ಬಳ ಮಾನ ಹೋದಾಗ ದೊಡ್ಡದಾಗದ ವಿಷಯ ಅದನ್ನು ವಾಪಸ್ ಕೊಡುವಾಗ ಇವರಿಗೆ ದೊಡ್ಡದಾಗಿ ಕಂಡಿತು. ಹೆಣ್ಣು ಮಕ್ಕಳನ್ನು ಹೆತ್ತವರೇ ಎಲ್ಲರೂ. ಅಷ್ಟು ಜನರಲ್ಲಿ ಒಬ್ಬರೂ ಗೇಟಿನ ಕಡೆ ಹೋಗಿ ಆ ತಾಯಿಯನ್ನು ಒಳಗೆ ಕರೆಯಲಿಲ್ಲ.

ನಾನು ಹಾಳೆಗಳ ಕಟ್ಟು ಹಿಡಿದುಕೊಂಡು ನಿಂತಿದ್ದೆ. ನಾಲ್ಕನೇ ನಂಬರಿನವಳು ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದಳು. ಚೀಲ ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ಕೊಡಿ ಅಕ್ಕ, ನಾನ್ ಹಂಚ್ತೀನಿ.”

ಕೊಟ್ಟೆ. ಅವಳು ಮೊದಲು ಗೇಟಿಗೆ ಹೋಗಿ ಆ ತಾಯಿಗೆ ಒಂದು ಹಾಳೆ ಕೊಟ್ಟಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಆಮೇಲೆ ಕಲ್ಲುಬೆಂಚಿನ ಉದ್ದಕ್ಕೂ ಒಬ್ಬೊಬ್ಬರ ಕೈಗೂ ಕೊಡುತ್ತ ಬಂದಳು. ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಅಪ್ಪನ ಮುಂದೆ ಬಂದು ಅವರಿಗೂ ಒಂದು ಚಾಚಿದಳು. ಅವರು ತೆಗೆದುಕೊಂಡು, ಓದದೆ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ, ಕಾರಿನ ಕೀ ತಿರುಗಿಸುತ್ತ ಹೊರಟರು. ಮಗಳು ಅವರ ಹಿಂದೆ ಹೋಗಲಿಲ್ಲ. ಚೀಲ ತುಂಬಿ ಮುಗಿಸಿ, ಬೇರೆ ಹುಡುಗಿಯರ ಜೊತೆ ನಡೆದುಕೊಂಡು ಹೋದಳು. ಕೋಚ್ ಎಳೆದ ಗೆರೆ ಸರಿಯಾಗಿತ್ತು ಎಂದು ಅವತ್ತು ನನಗೆ ಗೊತ್ತಾಯಿತು.

ಹನ್ನೆರಡನೇ ನಂಬರಿನವಳು ಅಂಕಣಕ್ಕೆ ಮರಳಿದ್ದು ಕೆಲವು ದಿನಗಳಾದ ಮೇಲೆ. ಅದೂ ನಾಲ್ಕೈದು ಹುಡುಗಿಯರು ಕೆಂಗೇರಿಗೆ ಹೋಗಿ ಕರೆದಿದ್ದಕ್ಕೆ. ಬಂದವಳು ಲೇಸ್ ಕಟ್ಟಿಕೊಂಡು ರಿಂಗಿನ ಕೆಳಗೆ ಹೋಗಿ ನಿಂತಳು. ಒಂದಷ್ಟು ಕಾಲ ಅವಳು ಮೈ ಹುಷಾರಿಲ್ಲದಿದ್ದರೂ ಯಾರಿಗೂ ಹೇಳುತ್ತಿರಲಿಲ್ಲ. ಆ ಎರಡು ಸಾಲು ಮಾಡಿದ ಹಾನಿಯನ್ನು ಯಾವ ತಿದ್ದುಪಡಿಯೂ ಪೂರ್ತಿ ಅಳಿಸಲಿಲ್ಲ. ಬುಲೆಟಿನ್ ಮುಂದುವರಿಯಿತು. ಟಿಪ್ಪಣಿಯ ಹಾಳೆ ನಾನು ಓದಿದ ಕೂಡಲೇ ಕೋಚ್ ಕೈಗೆ ವಾಪಸು. ಅಚ್ಚಿನ ಪ್ರತಿಗೆ ಅವರ ಸಹಿ ಬೀಳದೆ ಜೆರಾಕ್ಸಿಗೆ ಹೋಗುವಂತಿಲ್ಲ. ಫ್ಲಾಪಿ ಅಂಗಡಿ ಬಿಟ್ಟು ಕದಲುವಂತಿಲ್ಲ. ಕಲ್ಲುಬೆಂಚಿನವರು ಮತ್ತೆ ಸಾಲು ಎಣಿಸತೊಡಗಿದರು.

ಕಾರ್ಯದರ್ಶಿ ಕೆಲಸದ ಒತ್ತಡದ ಕಾರಣ ಕೊಟ್ಟು ರಾಜೀನಾಮೆ ಇತ್ತರು. ಅವರಿಗೇನೂ ನಷ್ಟವಾಗಲಿಲ್ಲ. ಇಂಥವರಿಗೆ ಆಗುವುದೂ ಇಲ್ಲ. ಇನ್ನೂ ದೊಡ್ಡ ಸಂಘವೊಂದರಲ್ಲಿ ಪದಾಧಿಕಾರಿಯಾಗಿ, ಟೂರ್ನಿಗಳ ಕೊನೆಯ ದಿನ ಶಾಲು ಹೊದ್ದು ವೇದಿಕೆಯಲ್ಲಿ ಕೂರುತ್ತಿದ್ದರು. ಕೆಲವು ವರ್ಷಗಳ ಮೇಲೆ ರಾಜಾಜಿನಗರದ ಒಂದು ಮದುವೆಯಲ್ಲಿ ನನ್ನ ಎದುರಿನ ಸಾಲಿನಲ್ಲೇ ಊಟಕ್ಕೆ ಕೂತರು. ನನ್ನನ್ನು ಗುರುತಿಸಿ, ಪಕ್ಕದವರಿಗೆ ಸಂತೋಷದಿಂದ ಪರಿಚಯಿಸಿದರು.

“ನಮ್ಮ ಕ್ಲಬ್ಬಲ್ಲಿ ಬುಲೆಟಿನ್ ಅಂತ ಒಂದು ಶುರು ಮಾಡಿದ್ದೆ ನಾನು. ಈ ಹುಡುಗೀನೇ ಟೈಪ್ ಮಾಡ್ತಿದ್ದಿದ್ದು.”

ಮುಖದಲ್ಲಿ ಅಳುಕಿನ ಒಂದು ಎಳೆಯೂ ಇರಲಿಲ್ಲ. ಅವರು ನಿಜವಾಗಿಯೂ ಮರೆತಿದ್ದರು. ಬಡಿಸುವವನು ಪಾಯಸ ತಂದಿದ್ದ, ಬೇಡವೆಂದು ಕೈ ಅಡ್ಡ ಹಿಡಿದು, ಎಲೆ ಮಡಚಿ ಎದ್ದೆ.